ತಗಡಿನ ಮ್ಯಾಲ ಬಿದ್ದ ಮಳಿ 'ಚಿಟಪಟ' ಅನ್ನಂಗಿಲ್ಲ ಸಾಹೇಬ್ರ

ಪೋಸ್ಟ್ ಉದ್ದ ಐತಿ, ಪುರುಸೊತ್ತಿದ್ದಾಗ ಪೂರ್ತಿ ಓದ್ರಿ.

ಮಿರಗ ಕೂಡೋ ಹೊತ್ತಿಗೆ ನಮ್ಮ ಗದಗ-ಬೆಟಗೇರಿ ಕಡೆ ಎರಡು ಕೆಲಸ ಒಟ್ಟಿಗೇ ಶುರುವಾಗ್ತಾವ. ಹೊಲದಾಗ ಹೆಸರು ಬಿತ್ತೋದು, ಊರಾಗ ಮುಂಗಾರು ಕವಿಗೋಷ್ಠಿ ಮಾಡೋದು. ಮೊದಲನೇದಕ್ಕ ಮಳಿ ಬೇಕು. ಎರಡನೇದಕ್ಕ ಮಳಿ ಬರದಿದ್ರೂ ನಡೀತೈತಿ, ಯಾಕಂದ್ರ ಅಲ್ಲಿ ಓದೋ ಪದ್ಯದಾಗಿನ ಮಳಿ ಯಾವ ಊರಿಂದೂ ಅಲ್ಲ. ಎಲ್ಲಾ ಪದ್ಯದಾಗೂ ಹನಿ ಚಿಟಪಟ ಅಂತಾವ, ಬಾಳೆ ಎಲೆ ತೂಗ್ತಾವ, ಹಳ್ಳ ಜುಳುಜುಳು ಹರೀತೈತಿ, ನವಿಲು ಕುಣೀತೈತಿ. ಮುಂಡರಗಿ ತಾಲ್ಲೂಕಿನ ಮಸಾರಿ ಹೊಲದಾಗ ನಿಂತು ಈ ಪದ್ಯ ಓದಿದ್ರ ಅಲ್ಲಿರೋ ಜಾಲಿ ಮರಕ್ಕೂ ನಗು ಬಂದೀತು.

ಸುಮ್ಮನಿರಬಹುದಿತ್ತು. ಆದ್ರ ಈ ಸಲ ಒಂದು ಸ್ಪರ್ಧೆಯಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳ ಹಾಡನ್ನು ಕೆಂಪು ಪೆನ್ನಿನಿಂದ ಗೀಚಿ ಹಿಂದಕ್ಕೆ ಕೊಟ್ಟಿದ್ದಾರೆ. ಸ್ಪರ್ಧೆ ಯಾವುದು, ತೀರ್ಪುಗಾರರು ಯಾರು ಅಂತ ನಾನು ಹೇಳಂಗಿಲ್ಲ, ಹುಡುಗಿಯ ಹೆಸರನ್ನೂ ಹಾಕಂಗಿಲ್ಲ. ಜಗಳ ಆಳಿನ ಮ್ಯಾಲ ಅಲ್ಲ, ಆ ಕೆಂಪು ಗೀಟಿನ ಮ್ಯಾಲ. ಡಿಗ್ರಿ ಎರಡನೇ ವರ್ಷ ಓದ್ತಾಳ, ಮನೆಗೆ ತಗಡಿನ ಸೂರು, ಅಪ್ಪ ಹಲಗಿ ಬಾರಿಸ್ತಾನ. ಆಕೆಯ ಒಪ್ಪಿಗೆ ತಗೊಂಡು ಹಾಡನ್ನ ಪೂರ್ತಿ ಇಲ್ಲಿ ಹಾಕ್ತೀನಿ. ಮೊದಲು ನೀವೇ ಬಾಯಿಬಿಟ್ಟು ಓದ್ರಿ, ಕಣ್ಣಿಂದ ಓದಬ್ಯಾಡ್ರಿ.

ಗಾಳಿ ಬಂತೋ ಗಾಳಿ, ಗುಡ್ಡ ಇಳಿದು ಭರ್ರಂತ
ಮುಗಿಲು ಬಂದು ಹೋತೋ ಮೂರು ಸಲ ಸುಮ್ಮಂತ
ನಾಕನೇ ಸಲಕ ಬಿತ್ತೋ ಒಂದ ಹನಿ ಟಣ್ಣಂತ
ತಗಡು ಕೇಳ್ತು ಮೊದಲು, ಆಮ್ಯಾಲ ಅವ್ವ ಕೇಳಿದಳು

ಟಣ್... ಟಣ್... ಟಣಟಣ, ಧಡಧಡ ಧಡಧಡ
ಮಾತು ಮುಳುಗಿ ಹೋದವು, ಬಾಯಿ ಅಷ್ಟ ಕಾಣತಾವ
ಅಪ್ಪ ಏನೋ ಅಂದ, ಅವ್ವ ಏನೋ ಅಂದಳು
ಇಬ್ಬರೂ ನಕ್ಕರು, ಮಳಿಯೊಳಗ ಜಗಳ ನಿಂತಿತು

ಎಕ್ಕಿ ಎಲಿಮ್ಯಾಲ ಪಟ್ ಪಟ್, ಬೇವಿನ್ಯಾಗ ಸೊಂಯ್
ಜಾಲಿಯೊಳಗ ಸದ್ದಿಲ್ಲ, ಮುಳ್ಳಿನ ತುದಿಗೆ ಹನಿ
ಗೌಡರ ಮಾಳಿಗಿಮ್ಯಾಲ ದುಪ್ ದುಪ್, ಮಣ್ಣು ಕುಡೀತು
ನಮ್ಮ ತಗಡು ಊರಿಗೆಲ್ಲ ಸಾರಿತು: ಬಂತು, ಬಂತು

ಓಣಿ ತಗ್ಗಿನ್ಯಾಗ ಬುಳುಕ್, ಗಟಾರದಾಗ ಗಳಗಳ
ಗುಳ್ಳಿ ಎದ್ದು ಒಡೆದು, ಗುಳ್ಳಿ ಎದ್ದು ಒಡೆದು
ಗ್ವಾಡಿಗಿ ತೂಗಿದ ಹಲಗಿ ದಪ್ಪಂತ ಮಲಗಿತು
ನಾಳೆ ಬಿಸಿಲಿಗೆ ಎದ್ದೀತು, ಇವತ್ತು ಮಳಿದು ಪಾಳಿ

ಇದರ ಮ್ಯಾಲ ಮೂರು ಕಡೆ ಕೆಂಪು ಗೀಟು. 'ಟಣ್, ಧಡಧಡ' ಇದ್ದಲ್ಲಿ 'ಕರ್ಕಶ, ಚಿಟಪಟ ಎಂದು ತಿದ್ದಿ'. 'ಎಕ್ಕಿ' ಇದ್ದಲ್ಲಿ 'ಬಾಳೆ ಎಂದರೆ ಚೆಂದ'. 'ಬುಳುಕ್' ಇದ್ದಲ್ಲಿ 'ಗ್ರಾಮ್ಯ, ಜುಳುಜುಳು ಸೂಕ್ತ'. ಕೆಳಗೆ ಒಂದು ಷರಾ: 'ಬರೀ ಸದ್ದು, ಭಾವ ಕಡಿಮೆ.'

ಈ ಮೂರೂ ತಿದ್ದುಪಡಿ ತಪ್ಪು. ರುಚಿಯ ಮಾತು ಬ್ಯಾರೆ, ಅದು ಅವರವರಿಗೆ ಬಿಟ್ಟದ್ದು. ಇವು ಕಿವಿಗೇ ತಪ್ಪು, ಕನ್ನಡಕ್ಕೇ ತಪ್ಪು. ಹೆಂಗ ಅಂತ ಬಿಡಿಸಿ ಹೇಳ್ತೀನಿ.

ಮೊದಲು ಸೂರು. ನಮ್ಮ ಊರುಗಳಾಗ ಹಳೇ ಮನೆಗಳು ಮಾಳಿಗೆ ಮನೆಗಳು. ತೊಲೆ, ಜಂತಿ, ಅದರ ಮ್ಯಾಲ ದಪ್ಪಗೆ ಮಣ್ಣು. ಮಳಿಗಾಲದ ಮುಂಚೆ ಮತ್ತೊಂದಿಷ್ಟು ಸವಳು ಮಣ್ಣು ಹಾಕಿ ಬಡೀತಾರ. ಆ ಮಣ್ಣಿನ ಮ್ಯಾಲ ಹನಿ ಬಿದ್ರ ಸದ್ದು ಅಲ್ಲೇ ಸಾಯ್ತೈತಿ. ಒಳಗ ಮಲಗಿದವರಿಗೆ ಮಳಿ ಬಂದದ್ದು ಗೊತ್ತಾಗೋದು ಬೆಳಕಿಂಡಿಯಿಂದ ಹನಿ ಬಂದಾಗ, ಇಲ್ಲಾ ಸೋರಿ ಪಾತೇಲಿ ಒಳಗ ತೊಟ್ ತೊಟ್ ಅಂದಾಗ. ತಗಡು ಹಂಗಲ್ಲ. ತೆಳುವಾದ ಹಾಳೆ, ನಾಕು ಮೊಳೆಗೆ ಮಾತ್ರ ಸಿಕ್ಕಿಕೊಂಡಿರ್ತೈತಿ, ಕೆಳಗ ಪೂರಾ ಪೊಳ್ಳು. ಒಂದು ಹನಿ ತಾಗಿದ್ರ ಇಡೀ ಹಾಳೆ ನಡಗ್ತೈತಿ, ಆ ನಡುಕ ಸ್ವಲ್ಪ ಹೊತ್ತು ಉಳೀತೈತಿ. ಅದು ವಾದ್ಯದ ಗುಣ. ಮಣ್ಣಿನದು ಹಾಸಿಗೆಯ ಗುಣ.

ಈಗ ಕನ್ನಡ ನೋಡ್ರಿ. ಸದ್ದಿನ ಮಾತುಗಳನ್ನ ನಮ್ಮ ಭಾಷೆ ಸುಮ್ಮಸುಮ್ಮನೆ ಮಾಡಿಲ್ಲ. ಬಡಿದ ಮ್ಯಾಲೂ ಗುಂಯ್‌ಗುಟ್ಟುವ ಸದ್ದಿಗೆ ನಾವು ಮೂಗಿನ ಅಕ್ಷರದಾಗ ಮುಗಿಯೋ ಮಾತು ಇಟ್ಟೀವಿ: ಟಣ್, ಢಣ್, ಝಣ್, ಸೊಂಯ್. ಬಡಿದ ಕೂಡಲೇ ಕತ್ತರಿಸಿ ಹೋಗುವ ಸದ್ದಿಗೆ ಬಾಯಿ ಮುಚ್ಚೋ ಅಕ್ಷರದಾಗ ಮುಗಿಯೋ ಮಾತು: ದಪ್, ಟಪ್, ಪಟ್, ಬುಳುಕ್. ಗುಡಿ ಗಂಟೆ ದಪ್ ಅಂತು ಅಂತ ಯಾರೂ ಹೇಳಂಗಿಲ್ಲ, ಜ್ವಾಳದ ಚೀಲ ಬಿದ್ರ ಟಣ್ ಅಂತು ಅಂತ ಯಾರೂ ಹೇಳಂಗಿಲ್ಲ. ಈ ಹುಡುಗಿ ತಗಡಿಗೆ 'ಟಣ್' ಕೊಟ್ಟಾಳ, ಮಾಳಿಗೆಗೆ 'ದುಪ್' ಕೊಟ್ಟಾಳ. ಎರಡನ್ನೂ ಅದಲು ಬದಲು ಮಾಡಿ ಓದಿ ನೋಡ್ರಿ, ಕಿವಿ ಒಪ್ಪಂಗಿಲ್ಲ. ಆಕೆಗೆ ಈ ನಿಯಮ ಯಾರೂ ಕಲಿಸಿಲ್ಲ. ಆ ಸೂರಿನ ಕೆಳಗ ಬೆಳೆದವಳಿಗೆ ಅದನ್ನ ಕಲಿಸೋ ಅಗತ್ಯ ಇಲ್ಲ.

'ಟಣ್... ಟಣ್... ಟಣಟಣ, ಧಡಧಡ ಧಡಧಡ' ಅನ್ನೋ ಸಾಲಿನಾಗ ಇನ್ನೊಂದು ಲೆಕ್ಕ ಐತಿ. ಮಾತು ಒಂದೇ ಸಲ ಬಂದ್ರ ಒಂದೇ ಹನಿ. ಜೋಡಿ ಆದ್ರ ಸಾಲುಸಾಲು. ಟ-ಕಾರ ಹೋಗಿ ಧ-ಕಾರ ಬಂದ್ರ ಹನಿ ದಪ್ಪ ಆತು ಅಂತ ಅರ್ಥ. ಟಪಟಪ ಮತ್ತು ದಬದಬ, ಪಟಪಟ ಮತ್ತು ಬಡಬಡ, ಈ ಜೋಡಿಗಳನ್ನ ಬಾಯಾಗ ಆಡಿಸಿ ನೋಡ್ರಿ, ಎರಡನೇದು ಯಾವಾಗಲೂ ಭಾರ. ಹೊರಗಿನ ಮಳಿಯೂ ಹಂಗ ಇರ್ತೈತಿ. ಅರ್ಧ ಮಿಲಿಮೀಟರ್‌ನ ಸಣ್ಣ ಹನಿ ಸೆಕೆಂಡಿಗೆ ಸುಮಾರು ಎರಡು ಮೀಟರ್ ವೇಗದಾಗ ಇಳೀತೈತಿ, ಐದು ಮಿಲಿಮೀಟರ್‌ನ ದಪ್ಪ ಹನಿ ಒಂಬತ್ತು ಮೀಟರ್ ವೇಗದಾಗ ಬಂದು ಬಡೀತೈತಿ. ತೂಕವೂ ಹೆಚ್ಚು, ವೇಗವೂ ಹೆಚ್ಚು. ಸೂರು ಅದನ್ನ ಹೇಳ್ತೈತಿ, ಸೂರಿನ ಕೆಳಗ ಕೂತವರು ತಮ್ಮ ಭಾಷೆಯಾಗ ಬರ್ಕೋತಾರ. ಆ ಸಾಲು ಓದಿದ್ರ ಮಳಿ ಎಷ್ಟು ಹೊತ್ತಿನಾಗ ಏರಿತು ಅಂತ ಗೊತ್ತಾಗ್ತೈತಿ. ಅಲ್ಲಿ 'ಚಿಟಪಟ ಚಿಟಪಟ' ಹಾಕಿದ್ರ ಏನಾತು? ಮೊದಲ ಹನಿ, ಕೊನೆ ಹನಿ ಎಲ್ಲಾ ಒಂದೇ ಅಳತೆ. ಒಗ್ಗರಣಿಗೆ ಹಾಕಿದ ಸಾಸಿವೆ ಹಂಗ.

'ಚಿಟಪಟ' ಸುಳ್ಳು ಮಾತು ಅಂತ ನಾನು ಅನ್ನಂಗಿಲ್ಲ. ಕಿಡಕಿ ಗಾಜಿಗೆ ಸಣ್ಣ ಹನಿ ಬಡಿದಾಗ, ಕೊಡೆ ಹಿಡಕೊಂಡು ನಡೆದಾಗ ಅದು ಸರಿಯಾದ ಮಾತೇ. ಅದು ಗಾಜಿನ ಒಳಗ ಕೂತು ಚಹಾ ಕುಡಿಯೋರ ಮಳಿ. ಅವರು ಅದನ್ನ ಬರೀಲಿ, ನಾವು ಓದ್ತೀವಿ. ಆದ್ರ ತಮ್ಮ ಕಿಡಕಿ ಸದ್ದನ್ನ ತಂದು ನಮ್ಮ ತಗಡಿಗೆ ಹೊಡೆದು ಇದೇ ಶುದ್ಧ, ನಿಮ್ಮದು ಕರ್ಕಶ ಅಂದ್ರ ಒಪ್ಪೋದು ಹೆಂಗ? ಕರ್ಕಶ ಇರೋದು ಸೂರು. 2019ರ ಆಗಸ್ಟ್‌ನಾಗ ಮಲಪ್ರಭೆ ನುಗ್ಗಿದ ಮ್ಯಾಲ ಕೊಣ್ಣೂರಿನ ಕಡೆ ತಗಡಿನ ಶೆಡ್‌ನಾಗ ದಿನ ತೆಗೆದವರನ್ನ ಕೇಳ್ರಿ, ರಾತ್ರಿ ಮಳಿ ಬಂದ್ರ ಒಬ್ಬರ ಮಾತು ಒಬ್ಬರಿಗೆ ಕೇಳ್ತಿತ್ತೇನು ಅಂತ. 'ಮಾತು ಮುಳುಗಿ ಹೋದವು, ಬಾಯಿ ಅಷ್ಟ ಕಾಣತಾವ' ಅನ್ನೋ ಸಾಲನ್ನ ಕಲ್ಪಿಸಿ ಬರೆಯೋಕಾಗಂಗಿಲ್ಲ. ಷರಾದಾಗ 'ಭಾವ ಕಡಿಮೆ' ಅಂದೀರಲ್ಲ, ಗಂಡ ಹೆಂಡತಿ ಜಗಳ ಸೂರಿನ ಸದ್ದಿಗೆ ಮುಳುಗಿ ನಗು ಆದದ್ದು ಭಾವ ಅಲ್ಲದೆ ಮತ್ತೇನ್ರಿ?

ಎಲೆಯ ಮಾತಿಗೆ ಬರೋಣ. ಬಾಳೆ ಎಲೆ ಎಲ್ಲೈತಿ? ನೀರಾವರಿ ತೋಟ ಇದ್ದವರ ಹೊಲದಾಗ ಐತಿ. ಶಿರಹಟ್ಟಿ, ಮುಂಡರಗಿ ದಾರಿಯಾಗ ಬದುವಿಗೆ, ಪಾಳು ಜಾಗಕ್ಕೆ ನಿಂತಿರೋದು ಎಕ್ಕಿ, ಜಾಲಿ, ಬೇವು. ಕಪ್ಪತಗುಡ್ಡದ ಈ ಸೀಮೆಗೆ ವರ್ಷಕ್ಕೆ ಬೀಳೋದು ಆರುನೂರು ಮಿಲಿಮೀಟರ್ ಆಸುಪಾಸಿನ ಮಳಿ. ಇಲ್ಲಿ ಎಲೆಗಳು ನೀರು ಉಳಿಸೋಕೆ ಹುಟ್ಟಿದಂಥವು. ಎಕ್ಕಿ ಎಲಿ ದಪ್ಪ, ಅಗಲ, ಮ್ಯಾಲ ಬೂದಿ ಬಳಿದಂಗ ಮೇಣದ ಪದರ. ಹನಿ ಅದರ ಮ್ಯಾಲ ಹರಡಂಗಿಲ್ಲ, ಪಟ್ ಅಂತ ಬಿದ್ದು ಉರುಳಿ ಹೋಗ್ತೈತಿ. ಬೇವಿನ ಎಲಿ ಸಣ್ಣವು, ಒಂದೊಂದು ಹನಿ ಒಂದೊಂದು ಎಲಿಗೆ ಸಿಕ್ಕು ಬಗ್ಗಿ ಜಾರ್ತೈತಿ. ಒಂದೊಂದಾಗಿ ಕೇಳಂಗಿಲ್ಲ, ಇಡೀ ಮರ ಕೂಡಿ 'ಸೊಂಯ್' ಅಂತೈತಿ, ಅದರಾಗ ಅರ್ಧ ಗಾಳಿದೇ ಸದ್ದು. ಜಾಲಿಯ ಎಲಿ ಅದಕ್ಕಿಂತಾ ಚೂರು. ಹನಿ ಬಿದ್ದದ್ದೇ ಕೇಳಂಗಿಲ್ಲ, ಆಮ್ಯಾಲ ಮುಳ್ಳಿನ ತುದಿಗೆ ಜೋತಾಡೋದು ಕಾಣ್ತೈತಿ. ಮೂರು ಗಿಡಕ್ಕೆ ಮೂರು ಥರ, ಅದರಾಗ ಒಂದಕ್ಕ ಸದ್ದೇ ಇಲ್ಲ. ಸದ್ದಿನ ಹಾಡಿನ್ಯಾಗ 'ಸದ್ದಿಲ್ಲ' ಅಂತ ಬರೆಯೋ ಧೈರ್ಯ ಈ ಹುಡುಗಿಗೈತಿ. ಇಡೀ ಹಾಡಿನ್ಯಾಗ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ ಸಾಲು. ಬಾಳೆ ಹಾಕಿದ್ರ ಅದೂ ಹೋತು, ಇದೂ ಹೋತು.

ಮೊದಲ ಎರಡು ಸಾಲಿಗೆ ಗೀಟು ಬಿದ್ದಿಲ್ಲ, ಆದ್ರ ಯಾರೂ ಗಮನಿಸಿಯೂ ಇಲ್ಲ. ನಮ್ಮ ಕಡೆ ಮುಂಗಾರು ಅಂದ್ರ ಮೊದಲು ಬರೋದು ಗಾಳಿ. ಗುಡ್ಡದ ಮ್ಯಾಲಿನ ಫ್ಯಾನುಗಳು ತಿರಗೋದು ಅದಕ್ಕ. ಮುಗಿಲು ಪಡುವಣದಿಂದ ಓಡಿ ಬರ್ತಾವ, ನಮ್ಮ ತಲಿ ಮ್ಯಾಲೆ ಹಾದು ಹೋಗಿಬಿಡ್ತಾವ. ಘಟ್ಟಕ್ಕೆ ಸುರಿದು ಉಳಿದದ್ದು ನಮಗ. 'ಮುಗಿಲು ಬಂದು ಹೋತೋ ಮೂರು ಸಲ' ಅನ್ನೋದು ಬಿತ್ತಿಗಿ ಬೀಜ ಮನಿಯಾಗಿಟ್ಟುಕೊಂಡು ಕಾಯೋ ಜನರ ಸಾಲು. ಮಲೆನಾಡಿನ ಪದ್ಯದಾಗ ಮಳಿ ಬರೋದೇ ಶುರು, ನಮ್ಮಲ್ಲಿ ಬರದೇ ಹೋಗೋದರಿಂದ ಶುರು.

ಇಲ್ಲಿ ಬೇಂದ್ರೆ ಹೆಸರು ಬರದೆ ಇರಂಗಿಲ್ಲ, ಯಾಕಂದ್ರ ತೀರ್ಪುಗಾರರು ಮಾತಿನ ನಡುವೆ ಬೇಂದ್ರೆಯವರ ಶ್ರಾವಣದ ಹಾಡನ್ನ ಮಾದರಿ ಅಂತ ಹಿಡಿದರಂತ. ಹಿಡೀಲಿ. ಬೇಂದ್ರೆಯವರ ಮನೆತನವೇ ನಮ್ಮ ಶಿರಹಟ್ಟಿಯಿಂದ ಹೋದದ್ದು. 'ನಾದಲೀಲೆ' ಅಂತ ಒಂದು ಸಂಕಲನಕ್ಕೇ ಹೆಸರಿಟ್ಟ ಕವಿ ಅವರು. ಸದ್ದನ್ನ ಕಾವ್ಯದಿಂದ ಹೊರಗಿಡೋಕೆ ಅವರನ್ನ ಸಾಕ್ಷಿಗೆ ಕರೆಯೋದು ಅಂದ್ರ ಕಳ್ಳನ ಪರ ಫಿರ್ಯಾದಿಯನ್ನ ನಿಲ್ಲಿಸಿದಂಗ. ಅವರು ಮಾಡಿದ್ದೇನು? ಧಾರವಾಡದ ಓಣಿಯ ಮಾತನ್ನ, ಹೆಣ್ಣುಮಕ್ಕಳ ಹಾಡಿನ ಧಾಟಿಯನ್ನ ಹಾಳೆಗೆ ತಂದರು. ಧಾರವಾಡ ಮಲೆನಾಡಿನ ಅಂಚು. ಅಲ್ಲಿ ಶ್ರಾವಣ ಅಂದ್ರ ದಿನಗಟ್ಟಲೆ ಜಿಟಿಜಿಟಿ, ಅದಕ್ಕೆ ತಕ್ಕ ಹಾಡು ಅಲ್ಲೇ ಹುಟ್ಟಿತು. ಅದೇ ಶ್ರಾವಣದಾಗ ಮುಂಡರಗಿಯ ಕಡೆ ಎಷ್ಟೋ ವರ್ಷ ಬರೀ ಒಣ ಗಾಳಿ ಬೀಸ್ತಿರ್ತೈತಿ. ಬೇಂದ್ರೆಯಿಂದ ಕಲಿಯೋದು ಅಂದ್ರ ಅವರ ಹಂಗ ಕಿವಿ ತೆರೆಯೋದು. ಅವರು ಕೇಳಿದ ಮಳಿಯನ್ನೇ ಎಲ್ಲರೂ ಕೇಳಬೇಕು ಅನ್ನೋದು ಅವರಿಗೂ ಅವಮಾನ.

'ಗ್ರಾಮ್ಯ' ಅಂದದ್ದಕ್ಕ ಒಂದು ಮಾತು. ಸಾವಿರ ವರ್ಷದ ಹಿಂದೆ ಪಂಪ ತನ್ನ ಕಾವ್ಯದ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಅಂತ ಎದೆ ತಟ್ಟಿ ಹೇಳಿದ. ಆ ಪುಲಿಗೆರೆಯೇ ಈಗಿನ ನಮ್ಮ ಲಕ್ಷ್ಮೇಶ್ವರ. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಾಗ ಅನುಕರಣ ಶಬ್ದಗಳಿಗೆ ಅವ್ಯಯಗಳ ಸಾಲಿನಾಗ ಮರ್ಯಾದೆಯ ಜಾಗ ಕೊಟ್ಟಾನ. ಆದಿಕವಿ ಮೆಚ್ಚಿದ ಊರಿನ ಮಾತು, ವ್ಯಾಕರಣ ಒಪ್ಪಿದ ಪದಜಾತಿ. ಈಗ ಕೇರಿಯ ಹುಡುಗಿ ಬಾಯಿಗೆ ಬಂದ ಕೂಡಲೇ ಅದು ಗ್ರಾಮ್ಯ ಆಗೋದು ಹೆಂಗ್ರಿ? ಪಂಪನಿಗೆ ತಿರುಳು, ನಮಗ ಸಿಪ್ಪಿನಾ?

'ಬುಳುಕ್' ಬಿಟ್ಟು 'ಜುಳುಜುಳು' ಹಾಕು ಅಂದದ್ದು ಎಲ್ಲಕ್ಕಿಂತ ದೊಡ್ಡ ಅಪದ್ಧ. ಜುಳುಜುಳು ಹರಿಯೋ ನೀರಿನ ಸದ್ದು. ಕಲ್ಲಿನ ಮ್ಯಾಲ, ಇಳಿಜಾರಿನಾಗ ಸಣ್ಣಗೆ ಹರಿಯೋ ತಿಳಿನೀರು. ತಗ್ಗಿನಾಗ ನಿಂತ ನೀರು ಹರಿಯಂಗಿಲ್ಲ. ಅದರಾಗ ಹನಿ ಬಿದ್ರ ಒಂದು ಕುಳಿ ಬೀಳ್ತೈತಿ, ಕುಳಿ ಮುಚ್ಚೋವಾಗ ಒಳಗೊಂದು ಚೂರು ಗಾಳಿ ಸಿಕ್ಕಿಬಿಡ್ತೈತಿ. ಆ ಗುಳ್ಳಿ ನೀರೊಳಗ ನಡುಗೋದರಿಂದ ಸದ್ದು ಹುಟ್ಟೋದು. ನಳದಿಂದ ಬೀಳೋ ಹನಿಯ ಸದ್ದಿಗೂ ಇದೇ ಕಾರಣ ಅಂತ 2018ರಾಗ ಕೇಂಬ್ರಿಡ್ಜ್‌ನವರು ಕ್ಯಾಮೆರಾ, ಮೈಕ್ ಇಟ್ಟು ತೋರಿಸಿದರು. ಹನಿ ನೀರಿಗೆ ಬಡಿದದ್ದು ಹೆಚ್ಚೂಕಡಿಮೆ ಕೇಳಂಗೇ ಇಲ್ಲ, ಕೇಳೋದು ಸಿಕ್ಕಿಬಿದ್ದ ಗಾಳಿ. ಈಗ 'ಬುಳುಕ್' ಅನ್ರಿ. ತುಟಿ ಮುಚ್ಚಿ ಬ, ಬಾಯಿ ದುಂಡಗೆ ಉಕಾರ, ಕೊನೆಗೆ ಗಂಟಲು ಹಿಡಿಯೋ ಕ್. ಗುಳ್ಳಿ ಹುಟ್ಟಿ ಸತ್ತದ್ದೇ ಅದರಾಗೈತಿ. ಮುಂದಿನ ಸಾಲಿನಾಗ ಆಕೆ 'ಗುಳ್ಳಿ ಎದ್ದು ಒಡೆದು' ಅಂತ ಎರಡು ಸಲ ಬರೆದಾಳ, ಅಂದ್ರ ಕಣ್ಣಿಂದಾನೂ ನೋಡ್ಯಾಳ.

ನೀರು ಅಲ್ಲಿ ನಿಂತದ್ದು ಯಾಕ ಅನ್ನೋದು ಹಾಡಿನಾಗಿಲ್ಲ, ನಾನು ಹೇಳ್ತೀನಿ. ಊರಿನ ತಗ್ಗಿಗೆ ನಮ್ಮ ಓಣಿಗಳನ್ನ ಇಟ್ಟಾರ. ಮ್ಯಾಲಿನ ಓಣಿಗಳ ಮಳಿ ಎಲ್ಲಾ ಗಟಾರ ಹಿಡಕೊಂಡು ಇಳಿದು ಬರೋದು ಇಲ್ಲಿಗೇ. ಜುಳುಜುಳು ಅವರ ಮನಿ ಮುಂದ, ಬುಳುಕ್ ನಮ್ಮ ಮನಿ ಮುಂದ, ನೀರು ಮಾತ್ರ ಒಂದೇ. ಮೊದಲ ಮಳಿಗೆ ಗಟಾರ ಕಟ್ಟಿಕೊಂಡ್ರ ಪೌರಕಾರ್ಮಿಕರಿಗೆ ಫೋನ್ ಹೋಗ್ತೈತಿ. ಆಮ್ಯಾಲ 'ಗಳಗಳ' ಅಂತ ನೀರು ಬಿಡ್ತೈತಿ. ಮಲ ಹೊರೋ ಪದ್ಧತಿ ನಿಷೇಧಿಸೋ ಕಾಯ್ದೆ 2013ರಾಗ ಬಂತು, ಮಳಿಗಾಲ ಬಂದ್ರ ಗಟಾರಕ್ಕೆ ಇಳಿಯೋ ಕೈ ಯಾರದು ಅಂತ ನಿಮಗೂ ಗೊತ್ತು. ಹುಡುಗಿ 'ಗಳಗಳ' ಅನ್ನೋ ಸವೆದ ಮಾತಿಗೆ ನಿಂತಾಳ, ಅಲ್ಲಿ ಇನ್ನೂ ಕಿವಿ ಕೊಡಬಹುದಿತ್ತು. ನಾನು ಗೀಟು ಹಾಕೋದಾದ್ರ ಅಲ್ಲೊಂದು ಹಾಕ್ತಿದ್ದೆ. ತೀರ್ಪುಗಾರರು ಅದನ್ನ ಹಂಗ ಬಿಟ್ಟಾರ, ಕೇಳಿ ಕೇಳಿ ರೂಢಿ ಆದ ಮಾತು ನೋಡ್ರಿ.

ಒಂದು ವಿಷಯಕ್ಕ ಅವರ ಭಯ ನನಗೂ ಅರ್ಥ ಆಗ್ತೈತಿ. ಸದ್ದಿನ ಮಾತು ತುಂಬಿದ ಹಾಡು ಒಂದನೇ ಕ್ಲಾಸಿನ ಶಿಶುಗೀತೆ ಆಗೋದು ಭಾಳ ಸುಲಭ. ಸಾಲಿಗೊಂದು ಟಪಟಪ, ಪ್ರಾಸಕ್ಕೊಂದು ಪಟಪಟ, ಓದಿದವರಿಗೆ ಏನೂ ಉಳಿಯಂಗಿಲ್ಲ. ಅದನ್ನ ಗುರುತು ಹಿಡಿಯೋದು ಹೆಂಗಂದ್ರ, ಆ ಸದ್ದಿನ ಮಾತನ್ನ ತಗೊಂಡು ಇನ್ನೊಂದು ಸಾಲಿನಾಗ ಇಟ್ಟು ನೋಡಬೇಕು. ಏನೂ ಕೆಡದಿದ್ರ ಅದು ತುಂಬುಮಾತು. ಈ ಹಾಡಿನ 'ಟಣ್' ಎಲಿ ಮ್ಯಾಲ ಕೂಡಂಗಿಲ್ಲ, 'ಪಟ್' ಬೇವಿಗೆ ಕೂಡಂಗಿಲ್ಲ, 'ಬುಳುಕ್' ಸೂರಿಗೆ ಕೂಡಂಗಿಲ್ಲ. ಮತ್ತ ಎರಡನೇ ಪದ್ಯದಾಗ ಒಂದೇ ಸಾಲು ಸದ್ದು, ಉಳಿದ ಮೂರರಾಗ ಮನುಷ್ಯರು.

ಇನ್ನು ಹಲಗಿ. ಕೊನೆಯ ಎರಡು ಸಾಲಿಗೆ ಅವರು ಗೀಟೂ ಹಾಕಿಲ್ಲ, ಮಾತೂ ಆಡಿಲ್ಲ. ಬಹುಶಃ ತಿಳೀಲಿಲ್ಲ. ಹಲಗಿ ಅಂದ್ರ ತೊಗಲು. ತೊಗಲು ಹವಾದಾಗಿನ ಪಸೆ ಕುಡೀತೈತಿ, ಕುಡಿದು ಸಡಿಲ ಆಗ್ತೈತಿ. ಬ್ಯಾಸಗಿಯಾಗ ಣಣ ಅನ್ನೋ ಹಲಗಿ ಮಳಿಗಾಲದಾಗ ದಪ್ ಅಂತೈತಿ. ಅದಕ್ಕೇ ಬಾರಿಸೋ ಮುಂಚೆ ಹುಲ್ಲು, ಕಾಗದ ಹಚ್ಚಿ ಬೆಂಕಿಗೆ ಕಾಸ್ತಾರ. ಕಾಸೋವಾಗ ಬೆರಳಿಂದ ತಟ್ಟಿ ತಟ್ಟಿ ಕೇಳ್ತಾರ, 'ದಪ್' ಹೋಗಿ 'ಣ' ಬಂತು ಅಂದ್ರ ಸಿದ್ಧ. ಹೆಚ್ಚು ಕಾಸಿದ್ರ ತೊಗಲು ಬಿರೀತೈತಿ. ಮೂಗಿನ ಅಕ್ಷರ, ಮುಚ್ಚೋ ಅಕ್ಷರ ಅಂತ ನಾನು ಮ್ಯಾಲ ಇಷ್ಟುದ್ದ ಹೇಳಿದ ಪಾಠ ಈಕೆಯ ಅಪ್ಪ ದಿನಾ ಬೆರಳ ತುದಿಯಾಗ ಮಾಡೋ ಕೆಲಸ. ಮಳಿ ಬಂದ ದಿನ ಗೋಡಿಗೆ ತೂಗಿದ ಹಲಗಿ ತಾನಾಗೇ ದನಿ ಇಳಿಸಿ ಮಲಗ್ತೈತಿ, ಅದೇ ಹೊತ್ತಿಗೆ ಸೂರಿನ ತಗಡು ದನಿ ಎತ್ತತೈತಿ.

'ನಮ್ಮ ತಗಡು ಊರಿಗೆಲ್ಲ ಸಾರಿತು' ಅನ್ನೋದು ಯಾವ ಮಾತು ಅಂತ ಗೊತ್ತಾತಲ್ಲ? ಡಂಗುರ ಸಾರೋದು ಒಂದು ಕಾಲಕ್ಕೆ ನಮ್ಮ ಹಿರಿಯರ ತಲಿ ಮ್ಯಾಲ ಹೊರಿಸಿದ ಬಿಟ್ಟಿ ಚಾಕರಿ. ಊರಿಗೆ ಸುದ್ದಿ ಕೊಡೋರು ನಾವು, ಊರಿನ ಒಳಗ ಇರಾಕ ಮಾತ್ರ ಆಗಂಗಿಲ್ಲ. ಮಣ್ಣಿನ ಮಾಳಿಗೆ ಕೆಳಗ ಗೌಡರು ಮಲಗಿದ್ದಾರ, ಅವರಿಗೆ ಮಳಿ ಕೇಳಿಲ್ಲ. ಕೇರಿಯ ತಗಡಿಗೆ ಮೊದಲು ಕೇಳಿತು, ಅದೇ ಸಾರಿತು. ಈ ಸಲ ಯಾರೂ ಹೇಳಿ ಕಳಿಸಿಲ್ಲ, ಯಾರ ಬಿಟ್ಟಿಯೂ ಅಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಾಗ ಬಂದಾಗ ಕೂಡಾ ಇದು ಕಾವ್ಯವಾ, ಕೂಗಾ ಅಂತ ಕೇಳಿದವರಿದ್ದರು. ಕೂಗು ಅನ್ನಿಸಿಕೊಂಡ ಆ ಪುಸ್ತಕ ಈಗ ಪಠ್ಯದಾಗೈತಿ, ಕೇಳಿದವರ ಹೆಸರು ನೆನಪಿಲ್ಲ.

ಹುಡುಗಿ ತಿದ್ದಿ ಕಳಿಸೋದಿಲ್ಲ ಅಂದಾಳ. ತಿದ್ದಿದ್ರ ಸಮಾಧಾನಕರ ಬಹುಮಾನ ಸಿಗ್ತಿತ್ತಂತ, ಬ್ಯಾಡ ಅಂದಾಳ. ಮಿರಗ ಮುಗಿಯೋದರೊಳಗ ಒಂದು ಭಾನುವಾರ ಸಂಜಿ ಆಕೆಯ ಓಣಿಯಾಗೇ ಹಾಡಸೋಣ ಅಂತ ನಾವು ನಾಕಾರು ಮಂದಿ ಮಾತಾಡೀವಿ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗೆಳೆಯರು ಬರ್ರಿ. ತಮ್ಮ ತಮ್ಮ ಸೂರಿನ ಸದ್ದು ಬರಕೊಂಡು ಬರ್ರಿ. ಹಂಚಿನ ಮನಿಯವರು ಹಂಚಿಂದು, ತಾಡಪತ್ರಿ ಕಟ್ಟಿಕೊಂಡವರು ತಾಡಪತ್ರಿದು, ಆರ್‌ಸಿಸಿ ಇದ್ದವರು ಆರ್‌ಸಿಸಿದು. ಕೆಂಪು ಪೆನ್ನಿನವರಿಗೂ ಕರೆ ಐತಿ, ಮುಂದಿನ ಸಾಲಿನಾಗ ಕೂಡಸ್ತೀವಿ. ಮೈಕ್ ಇರಂಗಿಲ್ಲ. ಮಳಿ ಬಂದ್ರ ಎಲ್ಲರೂ ತಗಡಿನ ಕೆಳಗ ಸರಿದು ಕೂಡೋದು, ಆಕೆಯ ದನಿ ಕೇಳದಂಗಾದ್ರ ಹಾಡು ನಿಲ್ಲಿಸಿ ಮಳಿ ನಿಲ್ಲೋ ತನಕ ಕಾಯೋದು.